ಸಂತೆಯ ಚಿತ್ರ, ನಾಲ್ಕು ಪ್ರಶ್ನೆ

ವಯಸ್ಕರ ಸಾಕ್ಷರತಾ ತರಗತಿಗೆ ಹೊಸದಾಗಿ ಬಂದವರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟರೆ ತಿಳಿಯುವುದು ಒಂದೇ: ಅವರಿಗೆ ಓದಲು ಬರುವುದಿಲ್ಲ. ಅದು ಮೊದಲೇ ಗೊತ್ತಿದ್ದ ಸಂಗತಿ. ಅವರಿಗೆ ಏನು ಬರುತ್ತದೆ ಎಂದು ತಿಳಿಯಲು ಚಿತ್ರವೊಂದನ್ನು ಮುಂದಿಟ್ಟು ಬಾಯಿಮಾತಿನಲ್ಲಿ ಪ್ರಶ್ನೆ ಕೇಳುವ ಪದ್ಧತಿಯಿದೆ. ಒಬ್ಬರಿಗೆ ಐದಾರು ನಿಮಿಷ ಸಾಕು.

ಮೊದಲ ತೊಡಕು ಚಿತ್ರದಲ್ಲೇ ಇದೆ. ಚಿತ್ರ ಎಲ್ಲರಿಗೂ ತಾನಾಗಿ ಅರ್ಥವಾಗುತ್ತದೆ ಎಂಬುದು ಓದು ಬಲ್ಲವರ ಭ್ರಮೆ. ಪೋರ್ಚುಗಲ್‌ನ ಅಲೆಕ್ಸಾಂಡ್ರಾ ರೇಯ್ಸ್ ಮತ್ತು ಸಂಗಡಿಗರು ಅನಕ್ಷರಸ್ಥ ಮಹಿಳೆಯರನ್ನು ಪರೀಕ್ಷಿಸಿದಾಗ, ನಿಜವಾದ ವಸ್ತು ತೋರಿಸಿದರೆ ಅವರು ಓದು ಬಲ್ಲವರಷ್ಟೇ ಸರಿಯಾಗಿ ಹೆಸರು ಹೇಳಿದರು. ಅದೇ ವಸ್ತುವಿನ ಗೆರೆಚಿತ್ರ ತೋರಿಸಿದಾಗ ತಡವರಿಸಿದರು. ಬಣ್ಣವಿದ್ದರೆ ಗುರುತಿಸುವುದು ಸುಲಭವಾಗುತ್ತದೆ ಎಂಬುದೂ ಇಂಥ ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ದೊಡ್ಡದಾದ ಬಣ್ಣದ ಚಿತ್ರವೇ ಒಳ್ಳೆಯದು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಾಮಾನ್ಯ. ಚಿತ್ರವನ್ನು ದೂರ ಹಿಡಿದು ನೋಡುವವರಿಗೆ ಬೇಕಿರುವುದು ಕನ್ನಡಕವೂ ಇರಬಹುದು.

ಪ್ರಶ್ನೆಯೂ ಎಡವಿಸುತ್ತದೆ. ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ ಮತ್ತು ಮರದ ದಿಮ್ಮಿಯ ಚಿತ್ರಗಳನ್ನು ತೋರಿಸಿ, ಗುಂಪಿಗೆ ಸೇರದ್ದು ಯಾವುದೆಂದು ಕೇಳಿಸಿದರು. ಶಾಲೆ ಕಂಡವರು ಉಪಕರಣವಲ್ಲದ ದಿಮ್ಮಿಯನ್ನು ತೆಗೆಯುತ್ತಾರೆ. ಶಾಲೆ ಕಾಣದ ರೈತರು ಎಲ್ಲವೂ ಬೇಕು, ದಿಮ್ಮಿಯೇ ಇಲ್ಲದಿದ್ದರೆ ಗರಗಸ ಏನನ್ನು ಕೊಯ್ಯುತ್ತದೆ ಎಂಬ ಧಾಟಿಯಲ್ಲಿ ವಾದಿಸಿದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಪ್ರಶ್ನೆ ಅಳೆದದ್ದು ಶಾಲೆಯ ಅಭ್ಯಾಸವನ್ನು. ಆದ್ದರಿಂದ ‘ಗುಂಪಿಗೆ ಸೇರದ್ದು ಯಾವುದು’ ಎಂಬಂಥ ಪ್ರಶ್ನೆಗಳನ್ನು ಇಲ್ಲಿ ಬಿಡುವುದೇ ಲೇಸು.

ಉತ್ತರ ಕರ್ನಾಟಕದ ಒಂದು ಹಳ್ಳಿಯ ತರಗತಿಗೆಂದು ಸಂತೆಯ ಚಿತ್ರ ಬರೆಸಿದ್ದಾರೆ ಎಂದಿಟ್ಟುಕೊಳ್ಳೋಣ. ತಕ್ಕಡಿ ಹಿಡಿದ ವ್ಯಾಪಾರಿ, ನೂರರ ನೋಟು ಚಾಚಿದ ಹೆಂಗಸು, ತರಕಾರಿ ರಾಶಿ. ಹಿಂದೆ ಎರಡು ಹಲಗೆ: ಒಂದರಲ್ಲಿ ‘ಟೊಮೇಟೊ 30’, ಇನ್ನೊಂದರಲ್ಲಿ ‘ಬದನೆಕಾಯಿ 40’. ನಾಲ್ಕು ಪ್ರಶ್ನೆ, ತಾನಾಗಿ ಹೇಳಿದರೆ ಎರಡು ಅಂಕ, ಒಂದು ಸುಳಿವು ಕೊಟ್ಟ ಮೇಲೆ ಹೇಳಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಲಿಯುವವರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕು.

‘ಇಲ್ಲಿ ಏನೇನು ಕಾಣ್ತದ ಅಕ್ಕಾರ?’ ಎಂಬುದು ಮೊದಲನೆಯದು. ಐವತ್ತರ ಮಹಿಳೆಯೊಬ್ಬರು ‘ಸಂತಿ ಐತ್ರಿ, ಬದ್ನಿಕಾಯಿ, ತಕ್ಕಡಿ’ ಎನ್ನುತ್ತಾರೆ. ಪುಸ್ತಕದ ಮಾತು ಬರಲಿಲ್ಲವೆಂದು ಅಂಕ ಕಳೆಯುವಂತಿಲ್ಲ. ‘ಏನು ನಡದದ?’ ಎಂಬ ಎರಡನೆಯ ಪ್ರಶ್ನೆಗೆ ಅವರು ಸುಮ್ಮನಾಗುತ್ತಾರೆ. ಇಲ್ಲಿ ಪರೀಕ್ಷಕರ ತಾಳ್ಮೆ ಕೆಡುತ್ತದೆ: ‘ಅಕಿ ರೊಕ್ಕ ಕೊಡಾಕತ್ತಾಳಲ್ಲ?’ ಎಂದು ಉತ್ತರವನ್ನೇ ಬಾಯಿಗಿಟ್ಟುಬಿಡುತ್ತಾರೆ. ಹೌದು ಎಂಬ ಮಾತಿಗೆ ಆಮೇಲೆ ಬೆಲೆಯಿಲ್ಲ. ಮನಸ್ಸಿನಲ್ಲಿ ಹತ್ತು ಎಣಿಸಿ, ‘ಈಕಿ ಏನ್ ಮಾಡಾಕತ್ತಾಳ?’ ಎಂದಷ್ಟೇ ಕೇಳುವುದು ಸರಿಯಾದ ಸುಳಿವು. ಅದಕ್ಕೆ ಅವರು ಹೇಳಿದರು, ಒಂದು ಅಂಕ.

ಮೂರನೆಯದು ಲೆಕ್ಕ. ಕಿಲೋಗೆ ಮೂವತ್ತರಂತೆ ಎರಡೂವರೆ ಕಿಲೋ ಟೊಮೇಟೊಗೆ ಎಷ್ಟು, ನೂರು ಕೊಟ್ಟರೆ ಚಿಲ್ಲರೆ ಎಷ್ಟು? ‘ಎರಡಕ್ಕ ಅರವತ್ತು, ಅರ್ಧಕ್ಕ ಹದಿನೈದು, ಇಪ್ಪತ್ತೈದು ವಾಪಸ್’ ಎಂಬ ಉತ್ತರ ತಡವಿಲ್ಲದೆ ಬಂತು. ಇವರಿಗೆ ಲೆಕ್ಕ ಕಲಿಸಬೇಕಿಲ್ಲ, ಅಂಕಿ ಬರೆಯಲು ಕಲಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಯದು ಹಲಗೆಯ ಪ್ರಶ್ನೆ: ಟೊಮೇಟೊ ಎಂದು ಎಲ್ಲಿ ಬರೆದಿದೆ? ಅವರು ಸರಿಯಾದ ಹಲಗೆಗೇ ಬೆರಳಿಟ್ಟರು. ಎರಡು ಅಂಕ ಹಾಕುವ ಮೊದಲು ‘ಹೆಂಗ್ ತಿಳೀತು?’ ಎಂದು ಕೇಳಿದ್ದರಿಂದ ನಿಜ ಹೊರಬಿತ್ತು: ‘ಅದು ಉದ್ದ ಐತಿ, ಬದ್ನಿಕಾಯಿ ಇರಬೇಕು. ಉಳಿದದ್ದು ಇದ.’ ಅಕ್ಷರ ಗೊತ್ತಿಲ್ಲ. ಆದರೆ ಉದ್ದನೆಯ ಮಾತು ಬರಹದಲ್ಲೂ ಉದ್ದವಿರುತ್ತದೆ ಎಂಬ ಅರಿವಿದೆ, ಅದು ಸಣ್ಣದಲ್ಲ. ತಪ್ಪು ಚಿತ್ರ ಬರೆಸಿದವರದು. ಅಳತೆಯಲ್ಲಿ ಸಮನಾದ ‘ಬದನೆ’, ‘ಮೆಣಸು’ ಎಂಬಂಥ ಜೋಡಿ ಹಾಕಿ, ಆಯಾ ತರಕಾರಿಯನ್ನು ಹಲಗೆಯ ಬಳಿ ಇಡದಿದ್ದರೆ ಊಹೆಗೆ ಅಷ್ಟು ಅವಕಾಶವಿರುತ್ತಿರಲಿಲ್ಲ. ಆದರೂ ಎರಡರಲ್ಲಿ ಒಂದು ಎಂದಾಗ ಅರ್ಧದಷ್ಟು ಸಲ ಗುರಿ ತಾಗುತ್ತದೆ. ಹಲಗೆ ನಾಲ್ಕಿರುವುದು ಮೇಲು.

ಮೂರು ತಿಂಗಳ ಬಳಿಕ ಮತ್ತೆ ಅಳೆಯುವಾಗ ಇದೇ ಚಿತ್ರ ನಡೆಯದು, ಉತ್ತರ ನೆನಪಿರುತ್ತದೆ. ಅಷ್ಟೇ ವಿವರಗಳಿರುವ ಬಸ್ ನಿಲ್ದಾಣದ ಚಿತ್ರವನ್ನು ಮೊದಲೇ ಬರೆಸಿಟ್ಟಿರಬೇಕು. ಇಬ್ಬರು ಪರೀಕ್ಷಕರು ಒಬ್ಬರದೇ ಉತ್ತರಗಳಿಗೆ ಬೇರೆ ಬೇರೆಯಾಗಿ ಅಂಕ ಹಾಕಿ ಹೋಲಿಸಿ ನೋಡುವುದೂ ಅಗತ್ಯ. ಹೆಚ್ಚಾಗಿ ಭಿನ್ನಾಭಿಪ್ರಾಯ ಬರುವುದು ಎರಡನೆಯ ಪ್ರಶ್ನೆಯಲ್ಲಿ, ಸುಳಿವು ಎಲ್ಲಿ ಮುಗಿದು ಉತ್ತರ ಎಲ್ಲಿ ಶುರುವಾಯಿತು ಎಂಬಲ್ಲಿ.