ಬೀಳ್ಕೊಡುಗೆ ಭಾಷಣದಲ್ಲಿ ಎಲ್ಲಿ ನಿಲ್ಲಬೇಕು?

ಸರ್ಕಾರಿ ಪ್ರೌಢಶಾಲೆಯೊಂದರ ಅಟೆಂಡರ್ ನಿವೃತ್ತರಾಗುತ್ತಾರೆ. ಸಹೋದ್ಯೋಗಿಯೊಬ್ಬರು ಬರೆದುಕೊಂಡು ಬಂದ ಭಾಷಣದ ಮೊದಲ ವಾಕ್ಯ ಹೀಗಿದೆ ಎಂದುಕೊಳ್ಳೋಣ:

“ಇಪ್ಪತ್ತೆಂಟು ವರ್ಷ ಈ ಶಾಲೆಯಲ್ಲಿ ದುಡಿದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು ನಾವು ಬರುವಷ್ಟರಲ್ಲಿ ಕೊಠಡಿಗಳೆಲ್ಲ ಸ್ವಚ್ಛವಾಗಿರುತ್ತಿದ್ದವು ಮತ್ತು ಒಂದು ದಿನವೂ ತಡಮಾಡದೆ ಗಂಟೆ ಬಾರಿಸುತ್ತಿದ್ದ ಇವರಿಗೆ ಇಂದು ಬೀಳ್ಕೊಡುತ್ತಿದ್ದೇವೆ.”

ಮನಸ್ಸಿನಲ್ಲೇ ಓದಿಕೊಂಡರೆ ಏನೂ ತೊಂದರೆ ಕಾಣದು. ಮೈಕ್ ಮುಂದೆ ನಿಂತು ಓದಿದರೆ ಅರ್ಧಕ್ಕೇ ಉಸಿರು ಸಾಲದಾಗುತ್ತದೆ.

ವ್ಯಾಕರಣದ ತೊಡಕು ಎರಡು ಕಡೆ ಇದೆ. ‘ದುಡಿದು, ಬಂದು, ತೆಗೆದು’ ಎಂದು ಕ್ರಿಯೆಗಳನ್ನು ಪೋಣಿಸುತ್ತ ಹೋದಾಗ, ಅವುಗಳ ಕರ್ತೃವೂ ಕೊನೆಯ ಕ್ರಿಯಾಪದದ ಕರ್ತೃವೂ ಸಾಮಾನ್ಯವಾಗಿ ಒಬ್ಬರೇ ಆಗಿರಬೇಕು. ಇಲ್ಲಿ ಕೊನೆಗೆ ಬಂದದ್ದು ‘ಸ್ವಚ್ಛವಾಗಿರುತ್ತಿದ್ದವು’. ಹಾಗಾಗಿ ಬೀಗ ತೆಗೆದದ್ದು ಕೊಠಡಿಗಳೇ ಎಂಬಂತಾಯಿತು! ಎರಡನೆಯದು ವಿಭಕ್ತಿಯ ತಪ್ಪು. ಒಬ್ಬರನ್ನು ಬೀಳ್ಕೊಡುತ್ತೇವೆಯೇ ಹೊರತು ಒಬ್ಬರಿಗೆ ಬೀಳ್ಕೊಡುವುದಿಲ್ಲ. ವಾಕ್ಯ ಉದ್ದವಾದಷ್ಟೂ ಇಂಥ ತಪ್ಪು ಕಣ್ಣಿಗೆ ಬೀಳುವುದು ಕಷ್ಟ.

ತಿದ್ದಿದ ರೂಪ ಇದು:

“ಇವರು ಇಪ್ಪತ್ತೆಂಟು ವರ್ಷ ಈ ಶಾಲೆಯಲ್ಲಿ ದುಡಿದಿದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬೀಗ ತೆಗೆದು, ನಾವು ಬರುವಷ್ಟರಲ್ಲಿ ಕೊಠಡಿಗಳನ್ನೆಲ್ಲ ಗುಡಿಸಿರುತ್ತಿದ್ದರು. ಗಂಟೆ ಒಂದು ದಿನವೂ ತಡವಾಗಲಿಲ್ಲ. ಇಂಥವರನ್ನು ಇಂದು ಬೀಳ್ಕೊಡುತ್ತಿದ್ದೇವೆ.”

ಒಂದು ವಾಕ್ಯ ನಾಲ್ಕಾಯಿತು. ‘ಬಂದು’, ‘ತೆಗೆದು’ ಆದಮೇಲಿನ ಅಲ್ಪವಿರಾಮದಲ್ಲಿ ದನಿ ತುಸು ಮೇಲೇರಿ ನಿಲ್ಲುತ್ತದೆ, ಮಾತು ಇನ್ನೂ ಮುಗಿದಿಲ್ಲ ಎಂದು ಕೇಳುವವರಿಗೆ ತಿಳಿಯುತ್ತದೆ. ಪೂರ್ಣವಿರಾಮದಲ್ಲಿ ದನಿ ಇಳಿಯುತ್ತದೆ, ಓದುವವರಿಗೆ ಉಸಿರು ಸಿಗುತ್ತದೆ. ಗಂಟೆಯ ವಾಕ್ಯವನ್ನು ಬೇಕೆಂದೇ ಚಿಕ್ಕದಾಗಿಸಿದ್ದು, ದಿನವೂ ಆ ಗಂಟೆ ಕೇಳಿದವರೆಲ್ಲ ಎದುರಿಗೇ ಕೂತಿರುವುದರಿಂದ.

ಹಾಗೆಂದು ಸಿಕ್ಕಸಿಕ್ಕಲ್ಲಿ ಅಲ್ಪವಿರಾಮ ಹಾಕುವಂತಿಲ್ಲ. “ಮಕ್ಕಳು ಮೆಚ್ಚಿದ, ಇವರನ್ನು” ಎಂದು ಬರೆದರೆ, ವಿಶೇಷಣವೂ ಅದು ಹೇಳುವ ವ್ಯಕ್ತಿಯೂ ಬೇರೆಬೇರೆಯಾಗಿ ಓದು ಮುಗ್ಗರಿಸುತ್ತದೆ. ಸಾಲುಸಾಲಾಗಿ ಮೂರು ಚುಕ್ಕಿ ಹಾಕಿದರೆ ಓದುವವರು ಅಲ್ಲೆಲ್ಲ ನಾಟಕೀಯವಾಗಿ ನಿಲ್ಲಬೇಕಾಗುತ್ತದೆ. ಕರಡನ್ನು ಗಟ್ಟಿಯಾಗಿ ಓದಿಸಿ ಕೇಳಿದರೆ ತಪ್ಪಿನ ಜಾಗ ತಾನಾಗಿ ಗೊತ್ತಾಗುತ್ತದೆ. ಓದುವವರು ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡುತ್ತಾರೋ ಅಲ್ಲಿ ವಾಕ್ಯ ಒಡೆಯಬೇಕು, ಇಲ್ಲವೇ ಚಿಹ್ನೆ ಸರಿಸಬೇಕು. ಹಾಳೆ ತಿರುವುವ ಜಾಗವೂ ಪೂರ್ಣವಿರಾಮದ ನಂತರವೇ ಬರುವಂತೆ ನೋಡಿಕೊಳ್ಳಬೇಕು.

ಕೊನೆಯ ಸಾಲಿಗೂ ಇದೇ ಮದ್ದು. “ಇವರ ಮುಂದಿನ ನಿವೃತ್ತಿ ಜೀವನ ಸುಖಕರವಾಗಿರಲೆಂದು ಹಾರೈಸುತ್ತಾ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ” ಎನ್ನುವಲ್ಲಿ ಹಾರೈಕೆ ಹಿಂದೆ ಸರಿದು, ಮಾತು ಮುಗಿಸುವ ಸುದ್ದಿಯೇ ಮುಂದಾಗುತ್ತದೆ. “ನಿಮ್ಮ ನಿವೃತ್ತಿ ಜೀವನ ಸುಖವಾಗಿರಲಿ. ನಮಸ್ಕಾರ” ಎಂದರೆ ಮಾತು ನೇರ ಅವರಿಗೇ ತಲುಪುತ್ತದೆ, ನಡುವಿನ ಪೂರ್ಣವಿರಾಮದಲ್ಲಿ ಚಪ್ಪಾಳೆಗೂ ಸಮಯ ಸಿಗುತ್ತದೆ.