ಗಾಮ್, ನೋಂಗ್, ಲಾ: ಸಿಂಗ್ಫೋ ಮನೆಯ ಮಕ್ಕಳ ಎಣಿಕೆ

ಅಸ್ಸಾಮಿನ ಕಾಡಿನಲ್ಲಿ ಚಹಾ ಗಿಡ ಬೆಳೆಯುತ್ತದೆ ಎಂಬ ಸುಳಿವು 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಗೆ ಸಿಕ್ಕಿದ್ದು ಸಿಂಗ್ಫೋ ಜನರ ಮುಖಂಡ ಬೀಸಾ ಗಾಮ್‌ನಿಂದ. ಚಹಾದ ಚರಿತ್ರೆ ಬರೆದವರೆಲ್ಲ ಈ ಹೆಸರನ್ನು ತರುತ್ತಾರೆ. 1835ರಲ್ಲಿ ಬೀಸಾದ ಮೇಲೆ ದಂಡೆತ್ತಿ ಬಂದ ಎದುರಾಳಿ ಡಫಾ ಗಾಮ್. ಬ್ರಿಟಿಷರಿಗೆ ಚಹಾ ತಯಾರಿಸಿ ಕೊಟ್ಟ ಇನ್ನೊಬ್ಬ ಸಿಂಗ್ಫೋ ಮುಖಂಡ ನಿಂಗ್ರೂಲಾ. ಹಗೆಗಳಿಬ್ಬರೂ ‘ಗಾಮ್’ ಆದದ್ದು ಹೇಗೆ? ಇಬ್ಬರೂ ತಮ್ಮ ತಮ್ಮ ಮನೆಯ ಹಿರಿಮಗ, ಅಷ್ಟೇ. ಬೀಸಾ, ಡಫಾ ಎಂಬುವು ಮನೆತನದ ಗುರುತು. ನಿಂಗ್ರೂಲಾ ಎಂಬುದನ್ನೂ ಬಿಡಿಸಿ ನೋಡಿದರೆ ನಿಂಗ್ರೂ ಮನೆಯ ‘ಲಾ’, ಅಂದರೆ ಮೂರನೆಯ ಮಗ.

ಸಿಂಗ್ಫೋಗಳು ಅರುಣಾಚಲದ ಚಾಂಗ್‌ಲಾಂಗ್ ಜಿಲ್ಲೆಯಲ್ಲೂ ಅಸ್ಸಾಮಿನ ಮಾರ್ಗೆರಿಟಾದ ಆಸುಪಾಸಿನಲ್ಲೂ ಇದ್ದಾರೆ. ಗಡಿಯಾಚೆ ಮ್ಯಾನ್ಮಾರಿನಲ್ಲಿ ಇದೇ ಬಳಗಕ್ಕೆ ಕಚಿನ್ ಎನ್ನುತ್ತಾರೆ. ಸಿಂಗ್ಫೋಗಳಲ್ಲಿ ಗಂಡುಮಕ್ಕಳಿಗೆ ಹುಟ್ಟಿದ ಸಾಲಿನಲ್ಲಿ ಗಾಮ್, ನೋಂಗ್, ಲಾ, ತು, ತಾಂಗ್ ಎಂದು ಹೆಸರು ಬರುತ್ತದೆ. ಕಚಿನ್ನರು ಎರಡನೆಯವನನ್ನು ‘ನೋ’ ಎಂದು ಕರೆಯುತ್ತಾರೆ. ಹೆಣ್ಣುಮಕ್ಕಳ ಸಾಲೇ ಬೇರೆ: ಮೊದಲನೆಯವಳು ಕೋ, ಎರಡನೆಯವಳು ಲು, ಮೂರನೆಯವಳು ರೋಯ್.

ಹೊರಗಿನವರು ಎಡವುವುದು ಇಲ್ಲೇ. ಗಂಡಿನ ಎಣಿಕೆ ಬೇರೆ, ಹೆಣ್ಣಿನ ಎಣಿಕೆ ಬೇರೆ. ಒಂದು ಮನೆಯಲ್ಲಿ ಮೊದಲು ಇಬ್ಬರು ಹೆಣ್ಣುಮಕ್ಕಳು, ಆಮೇಲೊಂದು ಗಂಡು, ಮತ್ತೊಂದು ಹೆಣ್ಣು, ಕೊನೆಗೊಂದು ಗಂಡು ಹುಟ್ಟಿತೆನ್ನಿ. ಅವರು ಕೋ, ಲು, ಗಾಮ್, ರೋಯ್, ನೋಂಗ್ ಆಗುತ್ತಾರೆ. ಮನೆಯ ಮೂರನೇ ಮಗುವಾಗಿ ಹುಟ್ಟಿದರೂ ಅವನು ಗಾಮ್. ಗಾಮ್ ಎಂಬ ಹೆಸರು ಕೇಳಿದೊಡನೆ ‘ಮನೆಗೆ ಇವನೇ ಮೊದಲ ಕೂಸು’ ಎಂದುಕೊಂಡರೆ ತಪ್ಪಿದಂತೆ. ಅವನಿಗೆ ಅಕ್ಕಂದಿರು ಎಷ್ಟು ಮಂದಿಯೂ ಇರಬಹುದು. ಊರಿಗೆ ಹತ್ತಾರು ಗಾಮ್‌ಗಳಿರುವುದರಿಂದ ಮನೆತನದ ಹೆಸರನ್ನು ಮುಂದೆ ಹಚ್ಚದೆ ಗತಿಯಿಲ್ಲ. ಅದಾದ ಮೇಲೂ ತೊಡಕು ತೀರುವುದಿಲ್ಲ. ಅಪ್ಪನೂ ಹಿರಿಮಗ, ಮಗನೂ ಹಿರಿಮಗ ಆಗಿದ್ದರೆ ಇಬ್ಬರೂ ಬೀಸಾ ಗಾಮ್‌ಗಳೇ. ಹಳೆಯ ಸರ್ಕಾರಿ ಕಾಗದಗಳನ್ನು ಓದುವವರು ವರ್ಷ ನೋಡದೆ ಹೆಸರನ್ನಷ್ಟೇ ನಂಬಿದರೆ ಎರಡು ತಲೆಮಾರು ಕಲಸಿಹೋಗುತ್ತವೆ. ಅರುಣಾಚಲದ ಆದಿ ಜನರಲ್ಲಿ ಊರ ಹಿರಿಯನಿಗೂ ‘ಗಾಮ್’ ಎನ್ನುವುದುಂಟು. ಅದನ್ನು ತಂದು ಇದಕ್ಕೆ ಗಂಟು ಹಾಕಬಾರದು.

ಈ ಎಣಿಕೆ ಕರೆಯುವ ಅನುಕೂಲಕ್ಕಷ್ಟೇ ಇದ್ದದ್ದಲ್ಲ. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ಪ್ರಕಾರ, ಸಿಂಗ್ಫೋ ಮುಖಂಡ ತೀರಿಕೊಂಡರೆ ಜಮೀನು ಮತ್ತು ಯಜಮಾನಿಕೆ ಹಿರಿಮಗನಿಗೆ, ಒಡವೆ ವಸ್ತು ಕಿರಿಮಗನಿಗೆ. ನಡುವಿನವರಿಗೆ ಏನೂ ಇಲ್ಲ. ನೋಂಗ್ ಎಂಬ ಹೆಸರು ಹೊತ್ತವನಿಗೆ ತಮ್ಮ ಹುಟ್ಟಿದ ದಿನವೇ ತನ್ನ ಪಾಲು ಹೋಯಿತೆಂದು ತಿಳಿಯುತ್ತಿತ್ತು.

ಆದರೆ ಅಷ್ಟು ಹಕ್ಕಿದ್ದ ಕಿರಿಮಗನಿಗೆ ಈ ಸಾಲಿನಲ್ಲಿ ‘ಕಡೆಯವ’ ಎಂಬ ಹೆಸರಿಲ್ಲ. ಇರುವುದಾದರೂ ಹೇಗೆ? ಹಿರಿಮಗ ಯಾರೆಂಬುದು ಹುಟ್ಟಿದ ಗಳಿಗೆಯಲ್ಲೇ ಗೊತ್ತು. ಕಡೆಯವನು ಯಾರೆಂಬುದು ತಾಯಿಯ ಹೆರಿಗೆಯ ವಯಸ್ಸು ದಾಟಿದ ಮೇಲಷ್ಟೇ ಗೊತ್ತು. ಅಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಮುಂದಿನಿಂದ ಎಣಿಸುವ ಸಾಲಿಗೆ ಕೊನೆ ಎಲ್ಲಿ ಎಂದು ಹೇಳುವ ದಾರಿಯೇ ಇಲ್ಲ.

ಹಾಗಾಗಿ ‘ಇದೇ ಕೊನೆ’ ಎನ್ನುವ ಹೆಸರು ಎಲ್ಲಿ ಕಂಡರೂ ಅದು ಲೆಕ್ಕವಲ್ಲ, ಹೆತ್ತವರ ಬಯಕೆ. ಆ ಬಯಕೆ ಬಹುಪಾಲು ಹೆಣ್ಣುಮಗುವಿನ ತಲೆಗೇ ಬೀಳುತ್ತದೆ. ನಮ್ಮ ಸಾಕಮ್ಮ, ಸಾಕವ್ವ ಕೆಲವು ಮನೆಗಳಲ್ಲಿ ಹೀಗೆ ಬಂದವರು. (ಎಲ್ಲ ಸಾಕಮ್ಮಂದಿರೂ ಅಲ್ಲ, ಅಜ್ಜಿಯ ಹೆಸರೆಂದು ಪ್ರೀತಿಯಿಂದ ಇಟ್ಟದ್ದೂ ಉಂಟು.) ಹರಿಯಾಣದಲ್ಲಿ ಭತೇರಿ, ಅಂದರೆ ಬೇಕಾದಷ್ಟಾಯಿತು. ಮಹಾರಾಷ್ಟ್ರದಲ್ಲಿ ನಕುಶಾ, ಬೇಡವಾದವಳು. ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಸಮಾರಂಭವನ್ನೇ ನಡೆಸಿ ನಕುಶಾ ಎಂಬ ಹೆಸರಿನ 280ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಹಲವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಶಾಲೆಯ ದಾಖಲೆ, ಪಡಿತರ ಚೀಟಿ ಎಲ್ಲದರಲ್ಲೂ ಹೆಸರು ತಿದ್ದದಿದ್ದರೆ ಹಳೆಯದೇ ಹಾಜರಿ ಪುಸ್ತಕದಲ್ಲಿ ಕೂಗಿಸಿಕೊಳ್ಳುತ್ತಿರುತ್ತದೆ.