‘ವಾಮೋಸ್!’ ಎಂದವರಿಗೆ ಏನೆನ್ನಬೇಕು?

2022ರ ಡಿಸೆಂಬರ್ 18. ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಗೊಂಜಾಲೊ ಮೊಂತಿಯೆಲ್ ಒದ್ದ ಪೆನಾಲ್ಟಿ ಬಲೆಗೆ ಬಿದ್ದಾಗ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆಯ ಹತ್ತಿರ, ಬ್ಯೂನಸ್ ಐರಿಸ್‌ನಲ್ಲಿ ಮಧ್ಯಾಹ್ನ ಮೂರರ ಆಸುಪಾಸು. ಆಟ 3-3ರಲ್ಲಿ ನಿಂತಿತ್ತು, ಪೆನಾಲ್ಟಿಯಲ್ಲಿ 4-2. ಮೂವತ್ತಾರು ವರ್ಷಗಳ ನಂತರ ಅರ್ಜೆಂಟೀನಾಕ್ಕೆ ವಿಶ್ವಕಪ್. ಆ ಕ್ಷಣದಲ್ಲಿ ಅರ್ಜೆಂಟೀನಾದ ಗೆಳೆಯನೊಬ್ಬ ನಿಮ್ಮ ವಾಟ್ಸಾಪಿಗೆ ‘ವಾಮೋಸ್!’ ಎಂದು ಕಳಿಸಿದ ಅಂತಿಟ್ಟುಕೊಳ್ಳಿ. ನೀವೂ ಆ ತಂಡದ ಕಡೆಯವರೇ. ಏನು ಬರೆಯುತ್ತೀರಿ?

ಸ್ಪ್ಯಾನಿಷ್ ತರಗತಿಗೆ ಹೋದವರ ಬೆರಳು ತಾನಾಗಿ ‘ಮೂಚಾಸ್ ಗ್ರಾಸಿಯಾಸ್ ಪೋರ್ ತು ಮೆನ್ಸಾಹೆ’ ಎಂದು ಬರೆಯಹೊರಡುತ್ತದೆ. ‘ನಿಮ್ಮ ಸಂದೇಶಕ್ಕೆ ತುಂಬಾ ಧನ್ಯವಾದಗಳು.’ ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಬ್ಯಾಂಕಿನ ಪತ್ರದಂತೆ ಕೇಳುತ್ತದೆ. ಬಂದ ‘ವಾಮೋಸ್’ ಅಭಿನಂದನೆಯೇ ಅಲ್ಲ, ಅದು ಕೂಗು. ಕೂಗಿಗೆ ಮರುಕೂಗೇ ಉತ್ತರ. ‘ವಾಮೋಓಓಸ್!’ ಎಂದು ‘ಓ’ಕಾರವನ್ನು ಬೇಕಾದಷ್ಟು ಎಳೆದು ಬರೆದರೆ ಸಾಕು. ಸಲಿಗೆ ಇದ್ದರೆ ಅದರ ಬಾಲಕ್ಕೆ ‘ಕಾರಾಹೊ’ ಸೇರುತ್ತದೆ. ಇದು ಒರಟು ಮಾತು; ಗೆಳೆಯರ ನಡುವೆ ನಡೆಯುತ್ತದೆ, ಗೆಳೆಯನ ತಾಯಿ ಇರುವ ಗುಂಪಿನಲ್ಲಿ ನಡೆಯುವುದಿಲ್ಲ.

‘ಫೆಲಿಸಿತಾಸ್ಯೋನೆಸ್’ ಎಂದು ಬಂದರೆ ಅದು ನಿಜವಾದ ಅಭಿನಂದನೆ. ಇಲ್ಲಿ ಮೊದಲು ನೋಡಬೇಕಾದದ್ದು ಕಳಿಸಿದವರು ಯಾರ ಕಡೆಯವರು ಎಂಬುದನ್ನು. ಅವರು ಬೇರೆ ದೇಶದವರೋ ಫುಟ್‌ಬಾಲಿನ ಗೊಡವೆ ಇಲ್ಲದವರೋ ಆಗಿದ್ದರೆ ‘ಗ್ರಾಸಿಯಾಸ್, ಚೆ!’ ಎನ್ನಬಹುದು. ‘ಚೆ’ ಅರ್ಜೆಂಟೀನಾದವರು ಸಲಿಗೆಯಿಂದ ಕರೆಯುವಾಗ ಬಳಸುವ ಮಾತು, ನಮ್ಮ ‘ಮಾರಾಯ’ದ ಹಾಗೆ. ಅವರೂ ಅದೇ ತಂಡದವರಾದರೆ ಬರೀ ‘ಗ್ರಾಸಿಯಾಸ್’ ಎನ್ನುವುದು ಗೆಲುವನ್ನೆಲ್ಲ ನೀವೊಬ್ಬರೇ ಇಟ್ಟುಕೊಂಡಂತೆ. ಆಗ ‘ಇಗುವಾಲ್‌ಮೆಂತೆ’ ಅಥವಾ ‘ಆ ವೋಸ್ ತಾಂಬಿಯೆನ್’, ಅಂದರೆ ‘ನಿನಗೂ’ ಎನ್ನಬೇಕು. ಈ ‘ವೋಸ್’ ಅರ್ಜೆಂಟೀನಾದ ‘ನೀನು’. ಪಠ್ಯಪುಸ್ತಕದ ‘ತು’ ಅಲ್ಲಿನ ಮಾತಿನಲ್ಲಿ ಕೇಳಿಬರುವುದು ಕಡಿಮೆ.

ಎರಡನೆಯ ವಾಕ್ಯದಲ್ಲಿ ಏನಿರಬೇಕು ಎನ್ನುವಲ್ಲೇ ಹೊರಗಿನವರು ಎಡವುವುದು. ಗೆದ್ದವರು ಸಂತೋಷವಾಯಿತು ಎಂದು ಬರೆಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಜೆಂಟೀನಾದ ಅಭಿಮಾನಿ ಹೇಳುವುದು ಎಷ್ಟು ಸಂಕಟಪಟ್ಟೆವು ಎಂಬುದನ್ನು. ‘ಸುಫ್ರಿಮೊಸ್ ಆಸ್ತಾ ಎಲ್ ಫಿನಾಲ್’, ಕೊನೆಯವರೆಗೂ ಒದ್ದಾಡಿದೆವು. ಆ ದಿನದ ಆಟಕ್ಕೆ ಇದಕ್ಕಿಂತ ನಿಜವಾದ ಮಾತಿಲ್ಲ: ಎಂಬತ್ತನೆಯ ನಿಮಿಷದ ತನಕ 2-0 ಮುಂದಿದ್ದು, ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದು, ಹೆಚ್ಚುವರಿ ಸಮಯದಲ್ಲಿ ಮೆಸ್ಸಿ ಮತ್ತೆ ಮುನ್ನಡೆ ಕೊಟ್ಟು, 118ನೇ ನಿಮಿಷದಲ್ಲಿ ಎಂಬಾಪೆ ಮತ್ತೆ ಸಮ ಮಾಡಿದ್ದ. ಕ್ರಿಯಾಪದ ‘ನಾವು’ ರೂಪದಲ್ಲಿರುವುದನ್ನೂ ಗಮನಿಸಿ. ‘ತಂಡ ಗೆದ್ದಿತು’ ಎಂದು ಬರೆದವರು ವರದಿಗಾರರು. ‘ಗಾನಾಮೊಸ್’, ಗೆದ್ದೆವು, ಎಂದು ಬರೆದವರು ಅಭಿಮಾನಿಗಳು. ಸೋಫಾದ ಮೇಲೆ ಕೂತು ನೋಡಿದವರೂ ‘ಗೆದ್ದೆವು’ ಎನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಇನ್ನೊಂದು ಚಂದದ ಮಾತು ‘ತೊದಾವಿಯಾ ನೊ ಕಾಯ್ಗೊ’. ಪದಶಃ ‘ಇನ್ನೂ ಬೀಳುತ್ತಿಲ್ಲ’ ಎಂದು. ಭಾವ, ನಡೆದದ್ದು ಇನ್ನೂ ತಲೆಗೆ ಇಳಿದಿಲ್ಲ ಎಂದು.

ಮೂರನೆಯ ವಾಕ್ಯ ಬರೆಯುವುದಾದರೆ ಆಟದ ಒಂದು ಗಳಿಗೆಯನ್ನು ಹಿಡಿದು ಬರೆಯಿರಿ. ನಾನಾದರೆ ‘ಕೇ ಅತಾಹಾದಾ ದೆಲ್ ದಿಬು!’ ಎನ್ನುವುದನ್ನು ಆರಿಸುತ್ತೇನೆ: ಅಬ್ಬಾ, ದಿಬು ತಡೆದದ್ದೇ ತಡೆದದ್ದು! ದಿಬು ಎಂದರೆ ಗೋಲ್‌ಕೀಪರ್ ಎಮಿಲಿಯಾನೊ ಮಾರ್ತಿನೆಸ್. ಹೆಚ್ಚುವರಿ ಸಮಯ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಕೊಲೊ ಮುವಾನಿ ಒಬ್ಬನೇ ಚೆಂಡಿನೊಂದಿಗೆ ಎದುರು ನಿಂತು ಒದ್ದದ್ದನ್ನು ಅವನು ಎಡಗಾಲು ಚಾಚಿ ತಡೆದ. ಅದು ಒಳಗೆ ಹೋಗಿದ್ದರೆ ಪೆನಾಲ್ಟಿಯ ಮಾತೇ ಇರುತ್ತಿರಲಿಲ್ಲ. ಆಟ ನೋಡಿದ್ದಕ್ಕೆ ಸಾಕ್ಷಿ ಎಂದರೆ ಇಂಥ ವಾಕ್ಯ. ಮುಗಿಸಲು ‘ಅಬ್ರಾಸೊ ದೆ ಗೋಲ್’ ಇದೆ. ಗೋಲಾದಾಗ ಪಕ್ಕದಲ್ಲಿರುವವರು ಅಪರಿಚಿತರಾದರೂ ತಬ್ಬಿಕೊಳ್ಳುವ ಆ ಅಪ್ಪುಗೆಯನ್ನು ದೂರದಿಂದಲೇ ಕಳಿಸುವ ಬಗೆ ಅದು.

ಒಟ್ಟು ಸೇರಿಸಿದರೆ: ‘ಇಗುವಾಲ್‌ಮೆಂತೆ, ಚೆ! ಸುಫ್ರಿಮೊಸ್ ಆಸ್ತಾ ಎಲ್ ಫಿನಾಲ್. ಕೇ ಅತಾಹಾದಾ ದೆಲ್ ದಿಬು! ಅಬ್ರಾಸೊ ದೆ ಗೋಲ್.’ ಇಷ್ಟನ್ನೂ ಒಂದೇ ಸಂದೇಶದಲ್ಲಿ ತುರುಕದೆ ತುಂಡುತುಂಡಾಗಿ ಕಳಿಸಿದರೆ ಇನ್ನೂ ಸಹಜ. ನಗು ಬಂದರೆ ಸ್ಪ್ಯಾನಿಷ್‌ನಲ್ಲಿ ಅದನ್ನು jajaja ಎಂದು ಬರೆಯುತ್ತಾರೆ, ಓದುವುದು ‘ಹಹಹ’ ಎಂದು. ‘ಜಜಜ’ ಎಂದು ಓದಿ ಗಾಬರಿಯಾಗಬೇಡಿ.

ಸಂಭ್ರಮಕ್ಕೂ ಸಮಯವಿದೆ. ಕೊನೆಯ ಒದೆತಕ್ಕೆ ಮುಂಚೆ ‘ಯಾ ಗಾನಾಮೊಸ್’, ಗೆದ್ದಾಯಿತು, ಎಂದು ಬರೆದಿರೋ, ಗುಂಪೇ ನಿಮ್ಮ ಮೇಲೆ ಬೀಳುತ್ತದೆ. ಅರ್ಜೆಂಟೀನಾದಲ್ಲಿ ಅಪಶಕುನಕ್ಕೆ ‘ಮೂಫಾ’ ಎನ್ನುತ್ತಾರೆ. ಯಾರಾದರೂ ಹಾಗೆ ಬಾಯಿ ಬಿಟ್ಟರೆ ಉಳಿದವರು ತಕ್ಷಣ ‘ಅನೂಲೊ ಮೂಫಾ’, ಈ ಅಪಶಕುನವನ್ನು ರದ್ದು ಮಾಡಿದ್ದೇನೆ, ಎಂದು ಬರೆಯುತ್ತಾರೆ. ಅರ್ಧ ತಮಾಷೆ, ಅರ್ಧ ನಿಜವಾದ ಭಯ. ಅದೇ ಅಂಗಿ, ಅದೇ ಕುರ್ಚಿ ಎಂಬ ‘ಕಾಬಾಲಾ’ ಪಾಲಿಸುವವರ ಹತ್ತಿರ ಇದನ್ನು ಮೂಢನಂಬಿಕೆ ಎಂದು ವಾದಿಸುವ ದಿನವಂತೂ ಅದಲ್ಲ.

ಇದೆಲ್ಲ ಅರ್ಜೆಂಟೀನಾದ ಮಾತು. ಗೆಳೆಯ ಸ್ಪೇನಿನವನಾದರೆ ಸ್ವಲ್ಪ ಬದಲಾಗುತ್ತದೆ. ಬೆಂಗಳೂರಿಗೆ ಈ ನಂಟು ಹೊಸದೇನಲ್ಲ: ಬೆಂಗಳೂರು ಎಫ್‌ಸಿ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾವನ್ನು 1-0ಯಿಂದ ಮಣಿಸಿ ಐಎಸ್‌ಎಲ್ ಗೆದ್ದಾಗ ತರಬೇತುದಾರ ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದದ್ದು ಸ್ಪೇನಿನದೇ ದಿಮಾಸ್ ದೆಲ್ಗಾದೊ ಒದ್ದ ಕಾರ್ನರಿನಿಂದ. ಅಂಥ ರಾತ್ರಿ ಮ್ಯಾಡ್ರಿಡ್‌ನ ಗೆಳೆಯ ‘ಎನೊರಾಬ್ವೆನಾ!’ ಎಂದು ಕಳಿಸುತ್ತಾನೆ. ಅಲ್ಲಿ ಅಭಿನಂದನೆಗೆ ವಾಡಿಕೆಯ ಮಾತು ಅದು. ಉತ್ತರ ‘ಗ್ರಾಥಿಯಾಸ್, ತಿಯೊ!’ ಜೊತೆಗೆ ‘ಎಮೊಸ್ ಸುಫ್ರಿದೊ ಆಸ್ತಾ ಎಲ್ ಫಿನಾಲ್’. ಅದೇ ದಿನ ನಡೆದದ್ದಕ್ಕೆ ಅರ್ಜೆಂಟೀನಾದಲ್ಲಿ ನೇರ ಭೂತಕಾಲ ಸಾಕು. ಸ್ಪೇನಿನ ಹೆಚ್ಚಿನ ಭಾಗದಲ್ಲಿ ‘ಎಮೊಸ್’ ಸೇರಿದ ರೂಪ ಬರುತ್ತದೆ. ದಿಬುವಿನ ಅತಾಹಾದಾ ಕೂಡ ಅಲ್ಲಿ ‘ಪಾರಾದಾ’ ಆಗುತ್ತದೆ, ಅಮೋಘವಾದುದಾದರೆ ‘ಪಾರಾದೋನ್’. ‘ಚೆ’ಯನ್ನೂ ‘ತಿಯೊ’ವನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಅರ್ಥವೇನೋ ಆಗುತ್ತದೆ, ಧಾರವಾಡದ ಅರ್ಧ, ಮಂಗಳೂರಿನ ಅರ್ಧ ಸೇರಿಸಿ ಮಾತಾಡಿದಂತೆ ಕೇಳಿಸುತ್ತದೆ, ಅಷ್ಟೆ.

ಇನ್ನು ಸೋತ ತಂಡದ ಗೆಳೆಯ. ಫ್ರಾನ್ಸ್ ಪರ ಇದ್ದವನು ಮನಸ್ಸು ಗಟ್ಟಿ ಮಾಡಿಕೊಂಡು ‘ಫೆಲಿಸಿತಾಸ್ಯೋನೆಸ್’ ಎಂದರೆ ‘ವಾಮೋಸ್ ಕಾರಾಹೊ’ ಕಳಿಸುವುದು ಒರಟುತನ. ‘ಗ್ರಾಸಿಯಾಸ್. ಪಾರ್ತಿದಾಸೊ. ಲೊ ದೆ ಎಂಬಾಪೆ, ಉನಾ ಲೊಕೂರಾ’ ಎನ್ನಿ: ಎಂಥ ಆಟ, ಎಂಬಾಪೆ ಆಡಿದ್ದಂತೂ ಹುಚ್ಚೇ ಸರಿ. ಫೈನಲ್‌ನಲ್ಲಿ ಮೂರು ಗೋಲು ಹೊಡೆದೂ ಸೋತವನ ಬಗ್ಗೆ ಅಷ್ಟು ಹೇಳುವುದು ನ್ಯಾಯವೇ. ಅವನು ಕೆಣಕಿದರೆ ಮಾತು ಬೇರೆ. ಅದೇ ಡಿಸೆಂಬರ್ 9ರಂದು ನೆದರ್ಲೆಂಡ್ಸ್ ಮೇಲೆ ಗೆದ್ದ ಮೇಲೆ ಸಂದರ್ಶನದ ನಡುವೆ ಮೆಸ್ಸಿ ಎದುರಾಳಿ ಆಟಗಾರನತ್ತ ತಿರುಗಿ ‘ಕೇ ಮಿರಾಸ್, ಬೋಬೊ?’ ಅಂದಿದ್ದ: ಏನೋ ನೋಡ್ತೀಯ, ಪೆದ್ದ? ಆ ಮಾತು ಕಪ್‌ಗಳ ಮೇಲೂ ಅಂಗಿಗಳ ಮೇಲೂ ಅಚ್ಚಾಗಿ ಮಾರಾಟವಾಯಿತು. ಗೆಳೆಯ ಅದನ್ನು ಬಲ್ಲವನಾದರೆ ನಗುತ್ತಾನೆ. ಬಲ್ಲನೋ ಇಲ್ಲವೋ ಎಂಬ ಅನುಮಾನವಿದ್ದರೆ ಹಿಂದೆಯೇ ‘ತೆ ಎಸ್ತೊಯ್ ಕಾರ್ಗಾಂದೊ’, ಕಾಲೆಳೀತಿದ್ದೀನಿ ಅಷ್ಟೆ, ಎಂದು ಒಂದು ಸಾಲು ಕಳಿಸಿಬಿಡಿ.